ಭಾವನ ಸಾಲಕ್ಕೆ ಶ್ಯೂರಿಟಿ ಹಾಕುವ ಮುನ್ನ

"ಸಾರ್, ನಮ್ಮ ಭಾವ ಲೋನಿಗೆ ಶ್ಯೂರಿಟಿ ಹಾಕು ಅಂತಿದ್ದಾರೆ. ಅವರು ಕಟ್ಟದೇ ಹೋದ್ರೆ ಬ್ಯಾಂಕಿನವರು ಮೊದಲು ಅವರನ್ನೇ ತಾನೇ ಹಿಡಿಯೋದು? ನನಗೇನಾಗುತ್ತೆ?"

ಇಲ್ಲ, ಮೊದಲು ಅವರನ್ನೇ ಹಿಡಿಯಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಕಡಿಮೆ. ಸಾಲಗಾರನ ಆಸ್ತಿಯನ್ನೆಲ್ಲ ಜಾಲಾಡಿದ ಮೇಲೆಯೇ ಜಾಮೀನುದಾರನ ಹತ್ತಿರ ಹೋಗಬೇಕೆಂದು ಬ್ಯಾಂಕಿಗೆ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ, ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಪ್ರಕರಣದಲ್ಲಿ ತೀರ್ಮಾನಿಸಿದೆ. ವಸೂಲಿಗೆ ಕೂತವರು ಯಾರ ಹತ್ತಿರ ಸುಲಭವಾಗಿ ದುಡ್ಡು ಹುಟ್ಟುತ್ತದೋ ಅತ್ತ ನೋಡುತ್ತಾರೆ. ಅಂಗಡಿ ಮುಚ್ಚಿ ಕೂತ ಭಾವನಿಗಿಂತ ತಿಂಗಳ ಸಂಬಳ ಬರುವ ನೀವು ಅವರಿಗೆ ಬೇಗ ಸಿಗುತ್ತೀರಿ. ಸಾಲ ಕೊಡುವಾಗ ನಿಮ್ಮ ಸ್ಯಾಲರಿ ಸ್ಲಿಪ್ ತೆಗೆದುಕೊಂಡದ್ದೇ ಅದಕ್ಕೆ.

ಒಂದು ಲೆಕ್ಕ ಹಾಕೋಣ. ಭಾವ ವಿಜಯನಗರದಲ್ಲಿ ಬಟ್ಟೆ ಅಂಗಡಿಗೆಂದು ಹತ್ತು ಲಕ್ಷ ಸಾಲ ಎತ್ತಿದರು. ಐದು ವರ್ಷ, ಶೇಕಡಾ 12 ಬಡ್ಡಿ. ಕಂತು ಸುಮಾರು 22,244 ರೂಪಾಯಿ. ಒಂದು ವರ್ಷ ತಪ್ಪದೆ ಕಟ್ಟಿ ಆಮೇಲೆ ನಿಲ್ಲಿಸಿದರು ಅನ್ನಿ. ಕಟ್ಟಿದ್ದು 2.67 ಲಕ್ಷ, ಆದರೆ ಅಸಲಿನಲ್ಲಿ ಇಳಿದದ್ದು ಒಂದೂವರೆ ಲಕ್ಷದ ಆಸುಪಾಸು. ಇನ್ನೂ 8.45 ಲಕ್ಷ ಬಾಕಿ. ಶ್ಯೂರಿಟಿ ಹಾಕಿದವರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲೇ: "ಏನೋ, ಬಾಕಿ ಇರೋ ಎರಡು ಮೂರು ಕಂತು ತಾನೇ" ಅಂದುಕೊಳ್ಳುತ್ತಾರೆ. 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಬ್ಯಾಂಕ್ ಪೂರ್ತಿ ಸಾಲವನ್ನೇ ಒಟ್ಟಿಗೆ ಕಟ್ಟಿ ಅನ್ನುತ್ತದೆ. ಆಗ ನಿಮ್ಮ ಹೆಸರಿಗೆ ಬರುವ ನೋಟಿಸಿನಲ್ಲಿ ಇರುವುದು ಕಂತಿನ ಮೊತ್ತವಲ್ಲ; 8.45 ಲಕ್ಷ, ಅದರ ಮೇಲೆ ಓಡುತ್ತಿರುವ ಬಡ್ಡಿ, ಖರ್ಚು, ಎಲ್ಲ ಒಟ್ಟಿಗೆ.

ಅದಕ್ಕೂ ಮೊದಲೇ ಪೆಟ್ಟು ಬೀಳುವುದು ಎಲ್ಲರ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ. ಈ ಸಾಲ ಜಾಮೀನುದಾರ ಎಂಬ ಗುರುತಿನೊಂದಿಗೆ ನಿಮ್ಮ ವರದಿಯಲ್ಲೂ ಕಾಣುತ್ತದೆ, ತಪ್ಪಿದ ಕಂತೂ ಕಾಣುತ್ತದೆ. ಮುಂದೆ ನಿಮ್ಮದೇ ಮನೆ ಸಾಲಕ್ಕೆ ಹೋದಾಗ ಅರ್ಜಿ ಅಲ್ಲೇ ನಿಂತರೆ ಆಶ್ಚರ್ಯಪಡಬೇಡಿ.

ಸಾಲಗಾರರ ಜೊತೆ ನಿಮ್ಮನ್ನೂ ಪ್ರತಿವಾದಿ ಮಾಡಿ ಬ್ಯಾಂಕ್ ಕೋರ್ಟಿಗೆ ಹೋಗಿ ಡಿಕ್ರಿ ತಂದರೆ, ಸಂಬಳಕ್ಕೆ ಜಪ್ತಿ ಬರಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲು ನಿಮ್ಮದು. ಲೆಕ್ಕಕ್ಕೆ ಬರುವ ಸಂಬಳ 61,000 ಇದ್ದರೆ ತಿಂಗಳಿಗೆ 20,000 ಹೋಗುತ್ತದೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ ಹೀಗೆ ಹಿಡಿಯಬಹುದು, ಅಂದರೆ 4.8 ಲಕ್ಷ. ಅಷ್ಟಕ್ಕೇ ಸಾಲ ತೀರುವುದಿಲ್ಲ. ಮಿಕ್ಕದ್ದಕ್ಕೆ ನೆಲಮಂಗಲದ ಕಡೆ ನಿಮಗೊಂದು ಸೈಟಿದ್ದರೆ ಅದು ಹರಾಜಿಗೆ ಬರಬಹುದು. ಪಿಎಫ್ ಹಣಕ್ಕೆ ಕೈ ಹಾಕುವಂತಿಲ್ಲ, ಅದೊಂದು ಸಮಾಧಾನ. ಇನ್ನು ಅದೇ ಬ್ಯಾಂಕಿನಲ್ಲಿ ನಿಮ್ಮ ಎಫ್‌ಡಿ ಇದ್ದರೆ, ಜಾಮೀನು ಪತ್ರದಲ್ಲಿ ಅದನ್ನು ಸಾಲಕ್ಕೆ ವಜಾ ಮಾಡಿಕೊಳ್ಳುವ ಹಕ್ಕು ಬರೆದಿರುವುದು ಮಾಮೂಲು. ಅದಕ್ಕೆ ಕೋರ್ಟಿನ ದಾರಿ ಕಾಯಬೇಕಿಲ್ಲ.

"ಹಾಗಾದರೆ ಈಗಲೇ ಪತ್ರ ಬರೆದು ಹೊರಗೆ ಬಂದುಬಿಡ್ತೀನಿ" ಅನ್ನುವವರೂ ಇದ್ದಾರೆ. ಹಣ ಪೂರ್ತಿ ಬಿಡುಗಡೆಯಾದ ಟರ್ಮ್ ಲೋನಿಗೆ ಅದು ನಡೆಯುವುದಿಲ್ಲ. ಬ್ಯಾಂಕ್ ಒಪ್ಪುವ ಇನ್ನೊಬ್ಬ ಜಾಮೀನುದಾರ ಸಿಕ್ಕಬೇಕು, ಇಲ್ಲವೇ ಸಾಲ ತೀರಬೇಕು. ಬೇಕಾದಾಗ ಹಣ ಎತ್ತಿ ಕಟ್ಟುವ ಓವರ್‌ಡ್ರಾಫ್ಟ್ ಖಾತೆಯಾದರೆ ಸ್ವಲ್ಪ ಬೇರೆ: ಲಿಖಿತವಾಗಿ ತಿಳಿಸಿದರೆ ಕರಾರು ಕಾಯ್ದೆಯ 130ನೇ ಕಲಮಿನಂತೆ ಮುಂದೆ ಎತ್ತುವ ಹಣಕ್ಕೆ ನಿಮ್ಮ ಹೊಣೆ ನಿಲ್ಲಬಹುದು, ಹಿಂದೆ ಎತ್ತಿದ್ದಕ್ಕಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕಂತು ತಪ್ಪಿದ ಸುದ್ದಿ ಬಂದ ದಿನವೇ ಬ್ಯಾಂಕಿಗೆ ಹೋಗಿ ಸಾಲದ ಸ್ಟೇಟ್‌ಮೆಂಟ್ ಕೇಳಿ. ತೊಂಬತ್ತು ದಿನದೊಳಗೆ ಒಂದೆರಡು ಕಂತು ನೀವೇ ತುಂಬುವುದು, ಆಮೇಲೆ ಎಂಟು ಲಕ್ಷದ ನೋಟಿಸು ಹಿಡಿದು ವಕೀಲರ ಮನೆಗೆ ಅಲೆಯುವುದಕ್ಕಿಂತ ಅಗ್ಗ. ಆದರೆ ಆ ದುಡ್ಡನ್ನು ಭಾವನ ಕೈಗೆ ಕೊಡಬೇಡಿ. ನಿಮ್ಮ ಖಾತೆಯಿಂದ ನೇರವಾಗಿ ಅವರ ಲೋನ್ ಅಕೌಂಟಿಗೆ ಹಾಕಿ, ರಸೀದಿ ಇಟ್ಟುಕೊಳ್ಳಿ. ಹಾಗೆ ಕಟ್ಟಿದ್ದನ್ನು ಭಾವನಿಂದ ವಾಪಸ್ ಕೇಳುವ ಹಕ್ಕು ಅದೇ ಕರಾರು ಕಾಯ್ದೆಯ 145ನೇ ಕಲಮಿನಲ್ಲಿದೆ. ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು, ಅಲ್ಲಿ ಬ್ಯಾಂಕಿನ ಆ ರಸೀದಿಯೇ ನಿಮ್ಮ ದಾಖಲೆ.