ಅಜ್ಜನ ಪಟಗಾದ ಚುಂಗು

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಹೋದ ವರ್ಷ ಒಂದು ಮನೆಯವರು ಗೋಳಗುಮ್ಮಟದ ಮುಂದೆ ಎಲ್ಲರೂ ಕೂಡಿ ಫೋಟೊ ತೆಗೆಸಿಕೊಂಡರು. ನಡುವೆ ಅಜ್ಜ, ತಲೆಗೆ ಬಿಳಿ ಪಟಗಾ, ಅದರ ಚುಂಗು ಬಲ ಭುಜದ ಮೇಲೆ. ಎಲ್ಲರ ಮುಖ ಚೆನ್ನಾಗಿ ಬಂದ ಫೋಟೊದಲ್ಲೇ ಅಜ್ಜನ ಬೆನ್ನ ಹಿಂದೆ ಬಿಳಿ ಅಂಗಿಯ ಪ್ರವಾಸಿಯೊಬ್ಬ ಬಂದು ನಿಂತಿದ್ದ. ಎಲ್ಲರೂ ಸರಿದ ಮೇಲೆ ಟ್ರೈಪಾಡ್ ಅಲುಗಿಸದೆ ಖಾಲಿ ಜಾಗದ್ದೂ ಒಂದು ಫೋಟೊ ತೆಗೆದಿಟ್ಟುಕೊಂಡೆ.

ಫೋಟೊಶಾಪ್‌ನಲ್ಲಿ ಖಾಲಿ ಫೋಟೊ ಕೆಳಗಿನ ಲೇಯರ್, ಮನೆಯವರದು ಮೇಲಿನದು. ಮೊದಲು ಎರಡು ತಾಸು ಕೂತು ಮೇಲಿನದರಲ್ಲಿ ಮುಖಗಳ ಬಣ್ಣ ಸರಿ ಮಾಡಿದೆ. ಆಮೇಲೆ ಎರೇಸರ್ ಹಿಡಿದು ಪ್ರವಾಸಿಯನ್ನು ಉಜ್ಜಿದೆ. ಉಜ್ಜಿದಲ್ಲೆಲ್ಲ ಕೆಳಗಿನ ಗೋಡೆ ಕಾಣಿಸಿತು. ಸೇವ್ ಮಾಡಿ ಫೈಲ್ ಮುಚ್ಚಿದೆ.

ಮರುದಿನ ಅಜ್ಜನ ಮಗ ಬಂದು ನೋಡಿ ಕೇಳಿದರು: "ಅಪ್ಪನ ಪಟಗಾದ ಚುಂಗು ಎಲ್ಲಿ ಹೋತ್ರೀ?"

ಬಿಳಿ ಅಂಗಿ, ಬಿಳಿ ಚುಂಗು. ಪೂರ್ತಿ ಫೋಟೊ ಪರದೆಯಲ್ಲಿ ಚಿಕ್ಕದಾಗಿ ಕಾಣುವಾಗ ಎರಡೂ ಒಂದೇ ಅನ್ನಿಸಿ ಎರಡನ್ನೂ ಅಳಿಸಿಬಿಟ್ಟಿದ್ದೆ. ಫೈಲ್ ತೆರೆದಿದ್ದಾಗ ಹಿಂದಕ್ಕೆ ಹೋಗಬಹುದಿತ್ತು, ಅದೂ ಸಾಮಾನ್ಯವಾಗಿ 50 ಹೆಜ್ಜೆ ಮಾತ್ರ, ಬ್ರಷ್‌ನ ಒಂದೊಂದು ಎಳೆತವೂ ಒಂದು ಹೆಜ್ಜೆ. ಮುಚ್ಚಿದ ಮೇಲೆ ಅದೂ ಇಲ್ಲ. ಮೂಲ ಫೋಟೊ ಕಾರ್ಡ್‌ನಲ್ಲಿ ಉಳಿದಿತ್ತು, ಪುಣ್ಯ. ಆದರೆ ಬಣ್ಣದ ಕೆಲಸ ಮೊದಲಿನಿಂದ ಮತ್ತೆ ಆಗಬೇಕಾಯಿತು.

ಈ ಸಲ ಬಣ್ಣದ ಕೆಲಸ ಮುಗಿಸಿ ಮೇಲಿನ ಲೇಯರ್‌ಗೆ ಮಾಸ್ಕ್ ಹಾಕಿದೆ. ಮಾಸ್ಕ್ ಮೇಲೆ ಕಪ್ಪು ಬಳಿದಲ್ಲಿ ಲೇಯರ್ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಫೋಟೊದ ಒಂದು ಚುಕ್ಕೆಯೂ ಅಳಿಯುವುದಿಲ್ಲ. ಫೋಟೊವನ್ನು 200% ಹಿಗ್ಗಿಸಿಕೊಂಡು ಭುಜದ ಹತ್ತಿರ ಹೋದೆ. ಚುಂಗಿನ ಅಂಚಿನಲ್ಲಿ ನೂಲಿನ ಎಳೆಗಳು ಒಂದೊಂದಾಗಿ ಕಂಡವು. ಕಪ್ಪು ಒಳಗೆ ಸರಿದಾಗಲೆಲ್ಲ `X` ಒತ್ತಿ ಬಿಳಿಗೆ ಬದಲಿಸಿ ಎಳೆಯನ್ನು ವಾಪಸ್ ತಂದೆ. ತುದಿ ತೀರಾ ಮೆತ್ತಗಿನ ಬ್ರಷ್ ಇಲ್ಲಿ ಆಗಿಬರಲಿಲ್ಲ, ಎಳೆಗಳ ಸುತ್ತ ಅಂಗಿಯ ಬಿಳುಪು ಮಂಜಿನ ಹಾಗೆ ಉಳಿಯುತ್ತಿತ್ತು. ತುದಿ ಸ್ವಲ್ಪ ಗಟ್ಟಿ ಮಾಡಿಕೊಂಡೆ.

ಪ್ರವಾಸಿ ಪೂರ್ತಿ ಹೋದನಾ ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. `Alt` ಹಿಡಿದು ಮಾಸ್ಕ್‌ನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದೆ. ಪರದೆಯಲ್ಲಿ ಬರೀ ಮಾಸ್ಕ್ ಬಂತು. ಕಪ್ಪಿನ ನಡುವೆ ಎರಡು ಬೂದು ಮಚ್ಚೆ ಇದ್ದವು. ಬೂದು ಅಂದರೆ ಅಲ್ಲಿ ಅವನು ಇನ್ನೂ ಅರ್ಧ ಇದ್ದಾನೆ ಅಂತ ಅಲ್ವಾ? ಅವಕ್ಕೂ ಕಪ್ಪು ತುಂಬಿ, PSD ಆಗಿ ಸೇವ್ ಮಾಡಿದೆ. JPEG ಮಾಡಿದರೆ ಲೇಯರ್, ಮಾಸ್ಕ್ ಎಲ್ಲ ಒಂದಾಗಿಬಿಡುತ್ತವೆ. ಅದನ್ನು ಪ್ರಿಂಟ್‌ಗೆ ಬೇರೆಯಾಗಿ ತೆಗೆದೆ.

ಆರು ತಿಂಗಳ ಮೇಲೆ ಅದೇ ಮನೆಯವರು ಗೋಡೆಗೆ ದೊಡ್ಡ ಪ್ರಿಂಟ್ ಕೇಳಿದರು. PSD ತೆರೆದು ಹಿಗ್ಗಿಸಿ ನೋಡಿದರೆ ಚುಂಗಿನ ಕೆಳಗೆ ಪ್ರವಾಸಿಯ ಮೊಣಕೈ ಕೂದಲೆಳೆಯಷ್ಟು ಇಣುಕುತ್ತಿತ್ತು. ಮಾಸ್ಕ್ ಮೇಲೆ ಎರಡು ಸಲ ಕಪ್ಪು ಎಳೆದೆ. ಮುಖದ ಬಣ್ಣಕ್ಕೆ ಕೈ ಹಚ್ಚಲೇ ಇಲ್ಲ.