ನಾಲ್ಕಿಂಚಿನ ಬ್ಲಾಕ್ ಗೋಡೆಗೆ ಗೀಜರ್ ಕೂರಿಸಿದ್ದು

ವಿಜಯಪುರದ ಜಲನಗರದಲ್ಲಿ ತಂಗಿ ಹೊಸ ಮನೆ ಕಟ್ಟಿಸಿದಾಗ ಗೋಡೆಗೆಲ್ಲ ಎಎಸಿ ಎಂಬ ಹಗುರ ಕಾಂಕ್ರೀಟ್ ಬ್ಲಾಕ್ ಹಾಕಿಸಿದ್ದಳು. ಗೀಜರ್ ಹಾಕುವ ದಿನ ನಾನೂ ಅಲ್ಲಿದ್ದೆ. ಪ್ಲಂಬರ್ ಹ್ಯಾಮರ್ ಡ್ರಿಲ್ ಹಿಡಿದು ತೂತು ಕೊರೆದ, ಮಾಮೂಲಿ ನೈಲಾನ್ ಪ್ಲಗ್ ಬಡಿದ. ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ಗಿರಗಿರ ತಿರುಗಿತು.

"ಗ್ವಾಡಿ ಮೆತ್ತಗೈತ್ರೀ. ದೊಡ್ಡ ಪ್ಲಗ್ ಹಾಕೂಣೇನ್ರಿ?" ಎಂದ.

ಬೇಡ ಎಂದೆ. ಈ ಬ್ಲಾಕಿನ ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳು. ಇಟ್ಟಂಗಿಯಲ್ಲಿ ಪ್ಲಗ್ ಅಗಲವಾಗಿ ಬಿಗಿದು ಕೂರುತ್ತದೆ. ಇಲ್ಲಿ ಅದು ಅಗಲವಾದಷ್ಟೂ ಸುತ್ತಲಿನ ಗುಳ್ಳೆಗಳು ಪುಡಿಯಾಗುತ್ತವೆ. ಹ್ಯಾಮರ್ ಬಡಿತಕ್ಕೆ ತೂತೂ ದೊಡ್ಡದಾಗಿರುತ್ತದೆ. 25 ಲೀಟರ್ ಗೀಜರ್ ತುಂಬಿದರೆ ನೀರೇ 25 ಕೆಜಿ, ಡಬ್ಬಿಯ ತೂಕ ಬೇರೆ. ಅದು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಮೇಲಿನ ಬೋಲ್ಟನ್ನು ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ಕೆಳಗೆ ಸ್ನಾನ ಮಾಡುವವರು ಮಕ್ಕಳು, ಅಲ್ವಾ?

ಎಂಟಿಂಚಿನ ಗೋಡೆಯಾಗಿದ್ದರೆ ರಾಸಾಯನಿಕ ಅಂಟು ತುಂಬಿ ಬೋಲ್ಟ್ ಕೂರಿಸಬಹುದಿತ್ತು. ಇದು ನಾಲ್ಕಿಂಚಿನದು, ಆಚೆ ಬದಿ ಮಲಗುವ ಕೋಣೆ. ಹಾಗಾಗಿ ಗೋಡೆಯ ಆಚೆಗೇ ಬೋಲ್ಟ್ ತೂರಿಸುವುದೆಂದು ತೀರ್ಮಾನಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ 5 ಮಿಮೀ ದಪ್ಪದ, ಅಂಗೈಯಗಲದ ಎರಡು ಕಬ್ಬಿಣದ ಪ್ಲೇಟ್ ಮಾಡಿಸಿದೆ. ಪ್ರತಿಯೊಂದಕ್ಕೂ 10 ಮಿಮೀ ಸ್ಕ್ರೂ ರಾಡ್ ಬೆಸೆದು, ಹಿಂಬದಿ ಉಜ್ಜಿ ಸಪಾಟು ಮಾಡಿಸಿದೆ.

ಪ್ಲೇಟ್ ಕೂರುವಷ್ಟು ಜಾಗದಲ್ಲಿ ಕೋಣೆಯ ಕಡೆಯ ಪ್ಲಾಸ್ಟರ್ ಕೆತ್ತಿದಾಗ ಬ್ಲಾಕುಗಳ ನಡುವಿನ ನಿಂತ ಸಂದಿ ಕಂಡಿತು. ಒಳಗೆ ಗಾರೆಯೇ ಇರಲಿಲ್ಲ! ಈ ಬ್ಲಾಕುಗಳನ್ನು ಜೋಡಿಸುವ ಅಂಟುಗಾರೆಯನ್ನು ಹಲ್ಲಿನ ಕರಣೆಯಿಂದ 2–3 ಮಿಮೀ ಮಾತ್ರ ಹಚ್ಚುತ್ತಾರೆ. ಗೌಂಡಿಗಳು ಮಲಗಿದ ಸಂದಿಗೆ ಚೆನ್ನಾಗಿ ಹಚ್ಚಿ, ಬದಿಗೆ ಸುಮ್ನೆ ಬ್ಲಾಕ್ ಜೋಡಿಸಿಬಿಡುತ್ತಾರೆ. ಪ್ಲಾಸ್ಟರ್ ಆದ ಮೇಲೆ ಅದು ಯಾರಿಗೂ ಕಾಣದು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಕಟ್ಟುವಾಗ ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿದರೆ ಬೆಳಕು ತೂರಿ ಬರುತ್ತದೆ, ಅಷ್ಟೇ ಸಾಕು ಹಿಡಿಯಲು.

ಸಂದಿಯ ಧೂಳು ತೆಗೆದು, ಸ್ವಲ್ಪ ನೀರು ಚಿಮುಕಿಸಿ, ಅದೇ ಅಂಟುಗಾರೆ ಒತ್ತಿ ತುಂಬಿಸಿದೆವು. ಬ್ಲಾಕ್ 600 ಮಿಮೀ ಉದ್ದ. ಗೀಜರನ್ನು ಪಕ್ಕಕ್ಕೆ ಸರಿಸಿದಾಗ ಎರಡೂ ತೂತು ಸಂದಿಯಿಂದ ದೂರ, ಒಂದೇ ಬ್ಲಾಕಿನೊಳಗೆ ಬಂದವು. ಹಳೆಯ ತೂತು ಗೀಜರ್ ಹಿಂದೆ ಮುಚ್ಚಿಹೋಯಿತು. ಈ ಸಲ ಹ್ಯಾಮರ್ ಬಂದ್ ಮಾಡಿಸಿದೆ. ಟೈಲ್ಸ್‌ಗೆ ಟೈಲ್ಸ್ ಬಿಟ್, ಆಮೇಲೆ ಬರೀ ತಿರುಗುವ ಡ್ರಿಲ್.

ಬಾತ್‌ರೂಮ್ ಕಡೆ ಅಗಲದ ವಾಷರ್ ಹಾಕಿ ನಟ್ ಬಿಗಿದೆವು. ಜಾಸ್ತಿ ಬಿಗಿದರೆ ಪ್ಲೇಟ್ ಕೆಳಗಿನ ಬ್ಲಾಕ್ ನುಗ್ಗಾಗುತ್ತದೆ, ಅದಕ್ಕೇ ಅಲುಗಾಟ ನಿಂತ ತಕ್ಷಣ ನಿಲ್ಲಿಸಲು ಹೇಳಿದೆ. ತೂತಿನ ಸುತ್ತ ನೀರಿಳಿಯದಂತೆ ಸಿಲಿಕೋನ್. ಗೀಜರಿಗೆ ಮೊದಲು 50 ಕೆಜಿಯ ಸಿಮೆಂಟ್ ಚೀಲವನ್ನು ರಾತ್ರಿಯೆಲ್ಲ ನೇತುಹಾಕಿದ್ದೆವು. ಬೆಳಿಗ್ಗೆ ರಾಡ್ ಬಾಗಿರಲಿಲ್ಲ, ಟೈಲ್ಸ್‌ನಲ್ಲಿ ಬಿರುಕಿರಲಿಲ್ಲ. ಕೋಣೆಯ ಕಡೆ ಪ್ಲೇಟ್ ಮೇಲೆ ಜಾಳಿಗೆ ಹೊದಿಸಿ ಪ್ಲಾಸ್ಟರ್ ಮಾಡಿಸಿದೆವು.

ಪಡಸಾಲೆಯ ಟಿವಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಆ ಗೋಡೆ ಎಂಟಿಂಚಿನದು, ಟಿವಿ ಹಗುರ. ಎಎಸಿಗೆಂದೇ ಬರುವ ಉದ್ದನೆಯ ಪ್ಲಗ್ ತಂದು, ಹ್ಯಾಮರಿಲ್ಲದೆ ಕೊರೆಸಿ, ತೂತಿನ ಪುಡಿ ಊದಿ ತೆಗೆದು ಹಾಕಿಸಿದೆ. ಪ್ಲಗ್ಗಿನ ಉದ್ದ ಎಣಿಸುವಾಗ ಪ್ಲಾಸ್ಟರಿನ ದಪ್ಪ ಬಿಟ್ಟೇ ಎಣಿಸಿದೆ.