ಆಗುತ್ತಾ, ಇಲ್ವಾ?

ಗ್ರಾಹಕರ ಕರೆ ತೆಗೆದುಕೊಳ್ಳುವುದು ನನ್ನ ಕೆಲಸ. ಈ ವಾರ ಬಂದ ಒಂದು ಕರೆ ಇನ್ನೂ ಕಿವಿಯಲ್ಲೇ ಇದೆ. ನಮ್ಮ ಆನ್‌ಲೈನ್ ತರಗತಿಗೆ ಒಂದು ವರ್ಷದ ಶುಲ್ಕ ಕಟ್ಟಿದ್ದವರು. ಆಮೇಲೆ ಅಮ್ಮನಿಗೆ ಹುಷಾರು ತಪ್ಪಿ ಬರೀ ಆಸ್ಪತ್ರೆ ಓಡಾಟ. ತರಗತಿಗೆ ಕೂರಲು ಆಗಿಲ್ಲ, ದುಡ್ಡು ವಾಪಸ್ ಬೇಕು. ನಮ್ಮಲ್ಲಿ ರೀಫಂಡ್‌ಗೆ 30 ದಿನದ ಗಡುವು. ಅವರಿಗೆ ಆಗಲೇ ಮೂರನೇ ತಿಂಗಳು.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಮೇಡಂ, ಆಗುತ್ತಾ ಇಲ್ವಾ, ಅದನ್ನ ಮೊದಲು ಹೇಳಿಬಿಡಿ."

ಅವರ ಹಿಂದಿನ ಕರೆಯ ದಾಖಲೆ ಇರುವ ಟಿಕೆಟ್ ತೆರೆದಾಗ ಯಾಕೆ ಹಾಗಂದರು ಅಂತ ಗೊತ್ತಾಯಿತು. ಮೊದಲು ಮಾತಾಡಿದ್ದ ಸಹೋದ್ಯೋಗಿ "ಮೇಲಿನವರಿಗೆ ಕಳಿಸಿದ್ದೇನೆ, ನೋಡೋಣ" ಎಂದಿದ್ದ. ಎಲ್ಲಿಗೂ ಕಳಿಸಿರಲಿಲ್ಲ. ಒಳ್ಳೆಯ ಹುಡುಗ, ಯಾರ ಮನಸ್ಸೂ ನೋಯಿಸಲಾರ. ಆದರೆ ಆ 'ನೋಡೋಣ' ನಂಬಿಕೊಂಡು ಅವರು ದಿನಾ ಬ್ಯಾಂಕ್ ಖಾತೆ ನೋಡುತ್ತಾ ಕಾದಿದ್ದರು. ನನಗೆ ಅವನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಗಡುವು ಮೀರಿದ ಮೇಲೆ ನಾವು ದುಡ್ಡು ಕೊಡುವುದು ಎರಡು ಬಾರಿ ಕಡಿತವಾಗಿದ್ದರೆ, ಇಲ್ಲವೇ ತರಗತಿ ನಮ್ಮಿಂದಲೇ ನಿಂತಿದ್ದರೆ. ಇವರದ್ದು ಎರಡೂ ಅಲ್ಲ. ಹಾಗಾಗಿ ಹೇಳಿದೆ: "ರೀಫಂಡ್ ಆಗಲ್ಲ. ಗಡುವು ದಾಟಿದೆ, ಮೇಲೆ ಕಳಿಸಿದರೂ ಇದೇ ಉತ್ತರ ಬರುತ್ತದೆ. ಇಷ್ಟು ದಿನ ನಿಮ್ಮನ್ನು ಕಾಯಿಸಿದ್ದು ನಮ್ಮ ತಪ್ಪು, ಕ್ಷಮಿಸಿ." ಆಮೇಲೆ ಸುಮ್ಮನಾದೆ. ಅವರೂ ಸುಮ್ಮನಿದ್ದರು. ಆ ಮೌನಕ್ಕೆ ಹೆದರಿಯೇ ನಮ್ಮಲ್ಲಿ ಎಷ್ಟೋ ಜನ ನಿಯಮದ ಪುಟವನ್ನೇ ಓದಲು ಶುರು ಮಾಡುತ್ತಾರೆ. ಆಗ ಎದುರಿನವರಿಗೆ ವಾದಕ್ಕೆ ಕರೆದಂತೆ ಕೇಳುತ್ತದೆ.

ಸ್ವಲ್ಪ ಹೊತ್ತಿನ ಮೇಲೆ "ಅಮ್ಮ ಈಗ ಹೇಗಿದ್ದಾರೆ?" ಎಂದೆ. ಕಾಗದಪತ್ರ ಕೇಳಲಿಲ್ಲ. ರೀಫಂಡೇ ಇಲ್ಲದ ಮೇಲೆ ಆಸ್ಪತ್ರೆ ಚೀಟಿ ಯಾಕೆ? ಅವರು ಹೇಳುತ್ತಾ ಹೋದರು. ಅದರಲ್ಲೇ ನನಗೆ ಬೇಕಾದದ್ದು ಸಿಕ್ಕಿತು: ಕಲಿಯುವ ಆಸೆ ಹೋಗಿಲ್ಲ, ಈಗ ಸಮಯ ಇಲ್ಲ ಅಷ್ಟೇ.

ಕರೆಯನ್ನು ಹೋಲ್ಡ್‌ನಲ್ಲಿಟ್ಟು, ಅವರ ಪ್ಲಾನ್‌ಗೆ ಏನೇನು ಸಿಗುತ್ತದೆ ಅಂತ ಮೊದಲು ಖಚಿತ ಮಾಡಿಕೊಂಡೆ. ಕೊಡುತ್ತೇವೆ ಎಂದು ಹೇಳಿ ಆಮೇಲೆ ಇಲ್ಲ ಅಂದರೆ ಎರಡನೇ ಸಲ ನೋಯಿಸಿದ ಹಾಗೆ, ಅಲ್ವಾ? ಎರಡು ದಾರಿ ಇದ್ದವು. ಆರು ತಿಂಗಳು ಖಾತೆ ನಿಲ್ಲಿಸಿಡಬಹುದು, ಉಳಿದ ತಿಂಗಳುಗಳು ಹಾಗೇ ಇರುತ್ತವೆ. ಇಲ್ಲವೇ ಮನೆಯಲ್ಲಿ ಬೇರೆಯವರ ಹೆಸರಿಗೆ ಬರೆಸಿಕೊಡಬಹುದು. ರಿಯಾಯಿತಿ ಕೂಪನ್ ಕೂಡ ಇತ್ತು, ಆದರೆ ದುಡ್ಡು ವಾಪಸ್ ಕೇಳಿದವರಿಗೆ ಇನ್ನೊಂದು ಖರೀದಿ ತೋರಿಸುವುದು ಅವಮಾನ. ಅದನ್ನು ಎತ್ತದೆ, ಆ ಎರಡು ದಾರಿ ಮಾತ್ರ ಹೇಳಿದೆ.

"ದುಡ್ಡು ಬರಲ್ಲ ಅಂತ ಬೇಜಾರಿದೆ," ಎಂದರು. "ಬೇಜಾರಾಗೋ ವಿಷಯವೇ," ಎಂದೆ. "ಸರಿ, ಖಾತೆ ನಿಲ್ಲಿಸಿಡಿ," ಎಂದರು.

ಮುಂದಿನ ವರ್ಷ ತಾನಾಗಿ ಶುಲ್ಕ ಕಡಿತವಾಗದಂತೆ ಆಟೋ ರಿನ್ಯೂವಲ್ ತೆಗೆಸಿದೆ. ಖಾತೆ ಮತ್ತೆ ಶುರುವಾಗುವ ತಾರೀಖು ಬರೆದು, ಅವರು ಫೋನ್ ಇಡುವ ಮೊದಲೇ ಮೇಲ್ ಕಳಿಸಿದೆ. ಟಿಕೆಟ್‌ನಲ್ಲಿ 'ರೀಫಂಡ್ ಇಲ್ಲ ಎಂದು ತಿಳಿಸಲಾಗಿದೆ, ಕಾರಣ ಸಮೇತ' ಎಂದು ಬರೆದಿಟ್ಟೆ. ಮುಂದೆ ಯಾರೇ ಕರೆ ತೆಗೆದುಕೊಂಡರೂ ಅವರಿಗೆ ಮತ್ತೆ 'ನೋಡೋಣ' ಅನ್ನಬಾರದು.